ತೋಳಿನ ಮೇಲಿನ ಸಕ್ಕರೆ ಮಾಪಕ: ಅದು ತೋರಿಸುವ ಅಂಕಿ ಯಾವ ಹೊತ್ತಿನದು?

ಸಕ್ಕರೆ ಕಾಯಿಲೆ ಇರುವವರ ತೋಳಿನ ಹಿಂಭಾಗದಲ್ಲಿ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಬಿಳಿ ಬಿಲ್ಲೆಯೊಂದು ಅಂಟಿಕೊಂಡಿರುವುದನ್ನು ಈಗ ತಾಲ್ಲೂಕು ಕೇಂದ್ರಗಳ ಆಸ್ಪತ್ರೆಗಳಲ್ಲೂ ಕಾಣಬಹುದು. ಮೊಬೈಲ್ ಹತ್ತಿರ ಹಿಡಿದರೆ ಸಾಕು, ಪರದೆಯ ಮೇಲೆ ಸಕ್ಕರೆಯ ಅಂಕಿ ಮೂಡುತ್ತದೆ. ಬೆರಳು ಚುಚ್ಚುವ ಗೋಜಿಲ್ಲ, ರಕ್ತ ಬರುವುದಿಲ್ಲ. ಇದರ ಹೆಸರು ಕಂಟಿನ್ಯೂಯಸ್ ಗ್ಲೂಕೋಸ್ ಮಾನಿಟರ್, ಚಿಕ್ಕದಾಗಿ ಸಿಜಿಎಂ.

ಇದನ್ನು ಹಾಕಿಸಿಕೊಂಡ ಎರಡು ಮೂರು ದಿನಗಳಲ್ಲೇ ಹೆಚ್ಚಿನವರಿಗೆ ಒಂದು ಅನುಮಾನ ಶುರುವಾಗುತ್ತದೆ. ಮೊಬೈಲ್ 90 ಎನ್ನುತ್ತದೆ, ಅದೇ ಹೊತ್ತಿಗೆ ಬೆರಳು ಚುಚ್ಚಿ ಗ್ಲೂಕೋಮೀಟರ್‌ನಲ್ಲಿ ನೋಡಿದರೆ 70. ಎರಡರಲ್ಲಿ ಯಾವುದು ಸುಳ್ಳು? ಹಲವು ಸಲ ಎರಡೂ ಸುಳ್ಳಲ್ಲ. ಒಂದು ಈಗಿನ ಅಂಕಿ, ಇನ್ನೊಂದು ಹತ್ತು ನಿಮಿಷ ಹಿಂದಿನದು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ಗೊತ್ತಿಲ್ಲದಿದ್ದರೆ ಸಾವಿರಾರು ರೂಪಾಯಿಯ ಉಪಕರಣ ತಪ್ಪು ದಾರಿಗೂ ಎಳೆಯಬಲ್ಲದು. ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯದಲ್ಲಂತೂ ಇದು ಪ್ರಾಣದ ಪ್ರಶ್ನೆ.

ಬಿಲ್ಲೆಯ ಒಳಗೆ ಏನಿದೆ?

ಬಿಲ್ಲೆಯನ್ನು ತೋಳಿಗೆ ಒತ್ತುವಾಗ ಒಂದು ಸೂಜಿ ಚರ್ಮದೊಳಗೆ ಹೋಗುತ್ತದೆ ಎನ್ನುವುದು ನಿಜ. ಆದರೆ ಆ ಸೂಜಿ ಒಳಗೇ ಉಳಿಯುತ್ತದೆ ಎಂದು ಹೆದರುವವರಿದ್ದಾರೆ, ಅದು ಹಾಗಲ್ಲ. ಸೂಜಿ ದಾರಿ ಮಾಡಿಕೊಟ್ಟು ಆ ಕ್ಷಣವೇ ಹೊರಗೆ ಬಂದುಬಿಡುತ್ತದೆ. ಒಳಗೆ ಉಳಿಯುವುದು ಬಾಗುವಂಥ ಒಂದು ಸಣ್ಣ ಎಳೆ ಮಾತ್ರ. ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿಯಲ್ಲಿ ಈ ಎಳೆ ಸುಮಾರು 5 ಮಿಲಿಮೀಟರ್ ಉದ್ದ, ಅಗಲ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಅದು ರಕ್ತನಾಳವನ್ನು ಮುಟ್ಟುವುದಿಲ್ಲ. ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿ ಕೂತಿರುತ್ತದೆ.

ಆ ಎಳೆಯ ತುದಿಗೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಲೇಪಿಸಿರುತ್ತಾರೆ. ಈ ಕಿಣ್ವದ ಗುಣ ವಿಚಿತ್ರ. ದೇಹದ ದ್ರವದಲ್ಲಿ ನೂರಾರು ವಸ್ತುಗಳಿದ್ದರೂ ಅದು ಕೈ ಹಾಕುವುದು ಗ್ಲೂಕೋಸಿಗೆ ಮಾತ್ರ. ಗ್ಲೂಕೋಸ್ ಕಣ ಸಿಕ್ಕಿದರೆ ಅದನ್ನು ಒಡೆದು ಅದರಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಕೊಳ್ಳುತ್ತದೆ. ಆ ಎಲೆಕ್ಟ್ರಾನ್‌ಗಳು ಎಳೆಯಲ್ಲಿರುವ ಎಲೆಕ್ಟ್ರೋಡ್‌ಗೆ ಸೇರಿದರೆ ಅಲ್ಲಿ ವಿದ್ಯುತ್ ಹರಿಯುತ್ತದೆ. ಗ್ಲೂಕೋಸ್ ಹೆಚ್ಚಿದ್ದಷ್ಟೂ ವಿದ್ಯುತ್ ಹೆಚ್ಚು. ಹೆಚ್ಚು ಎಂದರೂ ಅದು ನ್ಯಾನೋ ಆಂಪಿಯರ್ ಲೆಕ್ಕದ್ದು, ಅಂದರೆ ಒಂದು ಆಂಪಿಯರನ್ನು ನೂರು ಕೋಟಿ ಪಾಲು ಮಾಡಿದಾಗ ಸಿಗುವಂಥ ಪಾಲುಗಳು. ಬಿಲ್ಲೆಯೊಳಗಿನ ಪುಟ್ಟ ಚಿಪ್ ಈ ವಿದ್ಯುತ್ತನ್ನು ಅಳೆದು ಸಕ್ಕರೆಯ ಅಂಕಿಗೆ ತಿರುಗಿಸುತ್ತದೆ. ಈ ಬಗೆಯ ಕಿಣ್ವದ ಎಲೆಕ್ಟ್ರೋಡನ್ನು ಅಮೆರಿಕದ ಲೆಲಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲೇ ವಿವರಿಸಿದ್ದರು. ದೇಹದ ಮೇಲೆ ಹಾಕಿಕೊಳ್ಳುವ ಉಪಕರಣಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಮಾತ್ರ 1999ರಲ್ಲಿ. ಆಗಿನದು ಮೂರು ದಿನ ಅಳೆದು ಇಡುತ್ತಿತ್ತು, ಆಮೇಲೆ ವೈದ್ಯರು ಕಂಪ್ಯೂಟರಿಗೆ ಜೋಡಿಸಿ ನೋಡಬೇಕಿತ್ತು.

ಕಿಣ್ವದ ಮೇಲೆ ಇನ್ನೊಂದು ತೆಳು ಪೊರೆ ಇರುತ್ತದೆ. ಕಾಲುವೆಯ ತೂಬಿನ ಹಾಗೆ ಅದು ಗ್ಲೂಕೋಸನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಡುತ್ತದೆ. ಒಂದೇ ಸಲಕ್ಕೆ ನುಗ್ಗಿದರೆ ಕಿಣ್ವಕ್ಕೆ ಅಷ್ಟನ್ನೂ ನಿಭಾಯಿಸಲು ಆಗುವುದಿಲ್ಲ, ಸಕ್ಕರೆ 300 ಆದಾಗಲೂ 400 ಆದಾಗಲೂ ವಿದ್ಯುತ್ ಒಂದೇ ಆಗಿಬಿಡುತ್ತದೆ. ಈ ಪೊರೆಯನ್ನು ದಾಟಿ ಬರಲು ಗ್ಲೂಕೋಸಿಗೆ ಒಂದಿಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ಅಳೆಯುವುದು ರಕ್ತವನ್ನಲ್ಲ

ಇಲ್ಲಿಯೇ ಮುಖ್ಯ ವಿಷಯ ಇರುವುದು. ಗ್ಲೂಕೋಮೀಟರ್ ಅಳೆಯುವುದು ಬೆರಳ ತುದಿಯ ರಕ್ತವನ್ನು. ಸಿಜಿಎಂ ಅಳೆಯುವುದು ಜೀವಕೋಶಗಳ ನಡುವಿನ ಸಂದಿಯಲ್ಲಿ ತುಂಬಿರುವ ದ್ರವವನ್ನು. ಕಾಲು ಸುಟ್ಟುಕೊಂಡಾಗ ಬೊಬ್ಬೆಯೊಳಗೆ ತುಂಬಿಕೊಳ್ಳುವ ತಿಳಿ ನೀರು ಹೆಚ್ಚುಕಡಿಮೆ ಇದೇ ಜಾತಿಯದು. ರಕ್ತದಲ್ಲಿರುವ ಗ್ಲೂಕೋಸ್ ಅತಿ ಸಣ್ಣ ರಕ್ತನಾಳಗಳ ಗೋಡೆಯ ಮೂಲಕ ಜಿನುಗಿ ಈ ದ್ರವಕ್ಕೆ ಬರುತ್ತದೆ, ಅಲ್ಲಿಂದ ಜೀವಕೋಶಗಳಿಗೆ ಹೋಗುತ್ತದೆ.

ನಾಲೆಗೆ ನೀರು ಬಿಟ್ಟ ಹಾಗೆ ಎಂದುಕೊಂಡರೆ ಅರ್ಥವಾದೀತು. ನಾಲೆಯಲ್ಲಿ ನೀರು ಏರಿದ ಕೂಡಲೇ ಹೊಲದ ಕೊನೆಯ ಪಾತಿ ತುಂಬುವುದಿಲ್ಲ. ನಾಲೆ ಇಳಿದ ಕೂಡಲೇ ಪಾತಿಯೂ ಬರಿದಾಗುವುದಿಲ್ಲ. ಇಡೀ ದಿನ ನಾಲೆ ಒಂದೇ ಮಟ್ಟದಲ್ಲಿ ಹರಿದರೆ ಎರಡರ ಮಟ್ಟವೂ ಸರಿಸಮ ಆಗುತ್ತದೆ. ರಕ್ತ ನಾಲೆ, ಸಂದಿನ ದ್ರವ ಪಾತಿ, ಸಿಜಿಎಂ ಎಳೆ ಪಾತಿಯಲ್ಲಿ ನೆಟ್ಟ ಅಳತೆ ಕೋಲು.

ರಕ್ತದಿಂದ ಸಂದಿನ ದ್ರವಕ್ಕೆ ಗ್ಲೂಕೋಸ್ ತಲುಪಲು ತಗಲುವ ಹೊತ್ತು ಆರೋಗ್ಯವಂತರಲ್ಲಿ, ಖಾಲಿ ಹೊಟ್ಟೆಯಲ್ಲಿ, ಐದಾರು ನಿಮಿಷ ಎಂದು ಸಂಶೋಧಕರು ಗುರುತು ಹಚ್ಚಿದ ಗ್ಲೂಕೋಸನ್ನು ರಕ್ತಕ್ಕೆ ಸೇರಿಸಿ ಅಳೆದು ಕಂಡುಕೊಂಡಿದ್ದಾರೆ. ಅದರ ಮೇಲೆ ಸೆನ್ಸರಿನ ಪೊರೆ ದಾಟುವ ಹೊತ್ತು ಸೇರುತ್ತದೆ. ಅಂಕಿಗಳು ಸುಮ್ಮನೆ ಮೇಲೆ ಕೆಳಗೆ ಕುಣಿಯದಿರಲೆಂದು ಚಿಪ್ ಹಿಂದಿನ ಕೆಲವು ಅಳತೆಗಳನ್ನೂ ಸೇರಿಸಿ ಸರಾಸರಿ ಮಾಡುತ್ತದೆ, ಅದಕ್ಕೂ ಸ್ವಲ್ಪ ಹೊತ್ತು. ಎಲ್ಲ ಸೇರಿ 5ರಿಂದ 15 ನಿಮಿಷದ ಹಿನ್ನಡೆ ಸಾಮಾನ್ಯ. ಈ ಹಿನ್ನಡೆ ಉಪಕರಣ ಕೆಟ್ಟಿರುವುದರ ಲಕ್ಷಣವಲ್ಲ, ಅಳತೆ ಕೋಲು ನೆಟ್ಟಿರುವ ಜಾಗದ ಗುಣ. ಹೊಸ ಮಾದರಿಗಳು ಏರಿಳಿತದ ವೇಗ ನೋಡಿ ಲೆಕ್ಕ ಹಾಕಿ ಇದನ್ನು ಸ್ವಲ್ಪ ತುಂಬಿಕೊಡುತ್ತವೆ, ಪೂರ್ತಿ ಅಲ್ಲ.

ಒಂದು ಮಧ್ಯಾಹ್ನದ ಲೆಕ್ಕ

ಇನ್ಸುಲಿನ್ ತೆಗೆದುಕೊಳ್ಳುವ 55 ವರ್ಷದ ಒಬ್ಬ ರೈತ ಎಂದಿಟ್ಟುಕೊಳ್ಳಿ. ಈ ರೈತನೂ ಮುಂದಿನ ಅಂಕಿಗಳೂ ವಿಷಯ ತಿಳಿಸಲು ಮಾಡಿಕೊಂಡವು, ಆದರೆ ಇಂಥದ್ದು ದಿನವೂ ನಡೆಯುತ್ತದೆ. ಆತ ಮಧ್ಯಾಹ್ನ ಇನ್ಸುಲಿನ್ ಚುಚ್ಚಿಕೊಂಡು ಊಟ ಮುಗಿಸಿ ಮೂರು ಗಂಟೆಗೆ ಹೊಲಕ್ಕೆ ಇಳಿದ. ಗುದ್ದಲಿ ಕೆಲಸ. ಒಂದು ಕಡೆ ಇನ್ಸುಲಿನ್ ಕೆಲಸ ಮಾಡುತ್ತಿದೆ, ಇನ್ನೊಂದು ಕಡೆ ಸ್ನಾಯುಗಳು ಗ್ಲೂಕೋಸ್ ಎಳೆದುಕೊಳ್ಳುತ್ತಿವೆ.

ನಾಲ್ಕು ಗಂಟೆಗೆ ಆತನ ರಕ್ತದ ಸಕ್ಕರೆ 130. ಅಲ್ಲಿಂದ ನಿಮಿಷಕ್ಕೆ 2ರಂತೆ ಇಳಿಯತೊಡಗಿತು. 4.10ಕ್ಕೆ 110, 4.20ಕ್ಕೆ 90, 4.30ಕ್ಕೆ 70. ಸೆನ್ಸರ್ ಹತ್ತು ನಿಮಿಷ ಹಿಂದಿದೆ. ಆದ್ದರಿಂದ 4.30ಕ್ಕೆ ಆತನ ಕೈ ನಡುಗಿ ಬೆವರು ಬಂದು ಮೊಬೈಲ್ ನೋಡಿದಾಗ ಪರದೆಯ ಮೇಲೆ 90 ಎಂದೇ ಇದೆ. 90 ನೋಡಿ ಆತ, ಸಕ್ಕರೆ ಸರಿಯಾಗಿಯೇ ಇದೆ, ಬಿಸಿಲಿಗೆ ಹೀಗಾಗಿರಬೇಕು ಎಂದು ಕೆಲಸ ಮುಂದುವರಿಸಿದರೆ ಮೊದಲನೇ ತಪ್ಪು ಅಲ್ಲೇ ಆಯಿತು. ಅಂಕಿಯ ಪಕ್ಕದಲ್ಲಿ ಕೆಳಮುಖದ ಬಾಣ ಇತ್ತು, ಅದನ್ನು ಆತ ನೋಡಲಿಲ್ಲ.

ಈ ಬಾಣ ಅಂಕಿಯಷ್ಟೇ ಮುಖ್ಯ. ಹೆಚ್ಚು ಬಳಕೆಯಲ್ಲಿರುವ ಮಾದರಿಯಲ್ಲಿ ಅಡ್ಡ ಬಾಣ ಇದ್ದರೆ ಸಕ್ಕರೆ ನಿಮಿಷಕ್ಕೆ 1ಕ್ಕಿಂತ ಕಡಿಮೆ ಬದಲಾಗುತ್ತಿದೆ ಎಂದರ್ಥ. ಓರೆ ಬಾಣ ಇದ್ದರೆ ನಿಮಿಷಕ್ಕೆ 1ರಿಂದ 2. ನೇರ ಮೇಲಕ್ಕೋ ಕೆಳಕ್ಕೋ ಬಾಣ ಇದ್ದರೆ 2ಕ್ಕೂ ಹೆಚ್ಚು. ಹತ್ತು ನಿಮಿಷದ ಹಿನ್ನಡೆ ಎಂದು ಹಿಡಿದರೆ ನೇರ ಕೆಳಮುಖ ಬಾಣದ ಜೊತೆ ಕಾಣುವ 90 ನಿಜಕ್ಕೂ 70 ಅಥವಾ ಅದಕ್ಕೂ ಕೆಳಗೆ. ಅಡ್ಡ ಬಾಣದ ಜೊತೆ ಕಾಣುವ 90 ಮಾತ್ರ ಹತ್ತಿರ ಹತ್ತಿರ 90.

ಈಗ ಎರಡನೇ ತಪ್ಪು. ನಮ್ಮ ರೈತ ಜಾಣ ಎಂದೇ ಇಟ್ಟುಕೊಳ್ಳಿ. ಕೈ ನಡುಗಿದ ಕೂಡಲೇ ಕೆಲಸ ನಿಲ್ಲಿಸಿ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದ, ಅಂದರೆ ಸುಮಾರು 15 ಗ್ರಾಂ. ಕುಡಿದದ್ದು ಕರುಳಿನಿಂದ ರಕ್ತಕ್ಕೆ ಬರುವಷ್ಟರಲ್ಲಿ ರಕ್ತದ ಸಕ್ಕರೆ ಇನ್ನೂ ಸ್ವಲ್ಪ ಇಳಿದು 4.40ಕ್ಕೆ 60 ಮುಟ್ಟಿತು. ಆಮೇಲೆ ಏರತೊಡಗಿತು. 4.50ಕ್ಕೆ 78, ಐದು ಗಂಟೆಗೆ 98. ಮೊಬೈಲ್ ಏನು ತೋರಿಸುತ್ತದೆ? 4.40ಕ್ಕೆ 70. 4.50ಕ್ಕೆ 60. ಐದು ಗಂಟೆಗೆ 78.

4.50ನ್ನು ಗಮನಿಸಿ. ಸಕ್ಕರೆ ನೀರು ಕುಡಿದು ಕಾಲು ಗಂಟೆ ಮೇಲಾಗಿದೆ, ಮೊಬೈಲ್ ಮಾತ್ರ 70ರಿಂದ 60ಕ್ಕೆ ಇಳಿದಿದೆ. ಮನೆಯವರು ಗಾಬರಿಯಾಗಿ ಇನ್ನೊಂದು ಲೋಟ ಸಕ್ಕರೆ ನೀರು, ಮೇಲೆ ಎರಡು ಬಾಳೆಹಣ್ಣು, ಒಂದು ತುಂಡು ಬೆಲ್ಲ ಕೊಡುತ್ತಾರೆ. ಅಷ್ಟರಲ್ಲಿ ರಕ್ತದ ಸಕ್ಕರೆ 78 ದಾಟಿ ಏರುತ್ತಲೇ ಇತ್ತು. ಆರು ಆರೂವರೆಗೆ ನೋಡಿದರೆ 250 ಮುಟ್ಟಿರುತ್ತದೆ. ಅದನ್ನು ಇಳಿಸಲು ರಾತ್ರಿ ಇನ್ಸುಲಿನ್ ಜಾಸ್ತಿ ಹಾಕಿಕೊಂಡರೆ ಮಧ್ಯರಾತ್ರಿ ಮತ್ತೆ ಇಳಿತ. ಇಷ್ಟಕ್ಕೂ ಕಾರಣ ಹತ್ತು ನಿಮಿಷ ಹಳೆಯ ಅಂಕಿಯನ್ನು ಈಗಿನದೆಂದು ನಂಬಿದ್ದು.

ಸಕ್ಕರೆ ಇಳಿದಾಗ 15 ಗ್ರಾಂ ತೆಗೆದುಕೊಂಡು 15 ನಿಮಿಷ ಬಿಟ್ಟು ನೋಡಿ ಎಂದು ವೈದ್ಯರು ಹೇಳುತ್ತಾರಲ್ಲ, ಆ ಎರಡನೇ ಸಲ ನೋಡುವುದನ್ನು ಬೆರಳು ಚುಚ್ಚಿ ನೋಡಬೇಕು. ಸ್ಟ್ರಿಪ್ ಉಳಿಸಲು ಹೋಗಿ ಅಲ್ಲಿಯೂ ಮೊಬೈಲನ್ನೇ ನೋಡುವುದು ಮೇಲಿನ ಎಡವಟ್ಟಿಗೆ ದಾರಿ. ಚುಚ್ಚುವ ಮುನ್ನ ಕೈ ತೊಳೆಯುವುದೂ ಅಷ್ಟೇ ಮುಖ್ಯ. ಬೆಲ್ಲ ಹಿಡಿದ ಬೆರಳನ್ನು ಹಾಗೆಯೇ ಚುಚ್ಚಿದರೆ ಗ್ಲೂಕೋಮೀಟರೂ ಸುಳ್ಳು ಹೇಳುತ್ತದೆ, 60 ಇದ್ದವರಿಗೆ 160 ತೋರಿಸಿದರೂ ಆಶ್ಚರ್ಯವಿಲ್ಲ.

ಏರುವಾಗ ಇದೇ ಕತೆ ಉಲ್ಟಾ. ಊಟವಾದ ಮೇಲೆ ರಕ್ತದ ಸಕ್ಕರೆ 210 ಆಗಿದ್ದಾಗ ಸೆನ್ಸರ್ 190 ಎನ್ನುತ್ತಿರುತ್ತದೆ, ಅದರ ಶಿಖರ ತಡವಾಗಿ ಬರುತ್ತದೆ, ತುದಿ ಸ್ವಲ್ಪ ಮೊಂಡಾಗಿಯೂ ಇರುತ್ತದೆ. ಇದರಿಂದ ಅಪಾಯ ಅಷ್ಟಿಲ್ಲ.

ಹಿನ್ನಡೆಯೋ, ದೋಷವೋ?

ಎಲ್ಲ ವ್ಯತ್ಯಾಸವನ್ನೂ ಹಿನ್ನಡೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಸೆನ್ಸರಿಗೆ ತನ್ನದೇ ಆದ ತಪ್ಪುಗಳಿವೆ. ಒಳ್ಳೆಯ ಮಾದರಿಗಳಲ್ಲೂ ಅಂಕಿ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಶೇ. 8ರಿಂದ 11ರಷ್ಟು ಆಚೀಚೆ ಇರುತ್ತದೆ. ಮನೆಯ ಗ್ಲೂಕೋಮೀಟರಿಗೂ ಅಂತರರಾಷ್ಟ್ರೀಯ ಮಾನದಂಡ ಶೇ. 15ರವರೆಗೆ ಆಚೀಚೆ ಬಿಟ್ಟಿದೆ. ಹಾಗಾಗಿ ಒಂದು 150, ಇನ್ನೊಂದು 163 ಎಂದರೆ ಜಗಳ ಆಡುವ ಕಾರಣವೇ ಇಲ್ಲ.

ಹಿನ್ನಡೆಯನ್ನೂ ದೋಷವನ್ನೂ ಬೇರೆ ಮಾಡಿ ನೋಡುವ ಸುಲಭದ ದಾರಿಯೆಂದರೆ ಸಕ್ಕರೆ ನಿಂತ ನೀರಿನ ಹಾಗೆ ಇರುವ ಹೊತ್ತಿನಲ್ಲಿ ಹೋಲಿಸುವುದು. ಬೆಳಿಗ್ಗೆ ಎದ್ದು ತಿಂಡಿ ತಿನ್ನುವ ಮುಂಚೆ, ಕಾಲು ಗಂಟೆಯಿಂದ ಬಾಣ ಅಡ್ಡವೇ ಇರುವಾಗ, ಕೈ ತೊಳೆದು ಬೆರಳು ಚುಚ್ಚಿ ನೋಡಬೇಕು. ಆಗ ಹಿನ್ನಡೆಯ ಪ್ರಶ್ನೆ ಬರುವುದಿಲ್ಲ, ನಾಲೆ ಮತ್ತು ಪಾತಿ ಸರಿಸಮ. ಆಗಲೂ ಶೇ. 20ಕ್ಕಿಂತ ಹೆಚ್ಚು ವ್ಯತ್ಯಾಸ ಬಂದು, ಮರುದಿನವೂ ಹಾಗೇ ಆದರೆ ಆ ಸೆನ್ಸರನ್ನು ನಂಬುವಂತಿಲ್ಲ. ಊಟವಾದ ಮೇಲೋ ಹೊಲದಿಂದ ಬಂದ ಕೂಡಲೋ ಹೋಲಿಸಿ ಸೆನ್ಸರ್ ಕೆಟ್ಟಿದೆ ಎಂದು ಕಿತ್ತೆಸೆಯುವವರು ದುಡ್ಡು ಕಳೆದುಕೊಳ್ಳುತ್ತಾರೆ.

ಮೊದಲ ದಿನದ ಅಂಕಿಗಳನ್ನು ಯಾವಾಗಲೂ ಸ್ವಲ್ಪ ದೂರದಲ್ಲಿಡಬೇಕು. ಎಳೆ ಒಳಗೆ ಹೋದಾಗ ಸುತ್ತಲಿನ ಜಾಗಕ್ಕೆ ಸಣ್ಣ ಗಾಯವಾಗಿರುತ್ತದೆ, ದೇಹ ಅದನ್ನು ಹೊರಗಿನ ವಸ್ತು ಎಂದು ತಿಳಿದು ಹೋರಾಡುತ್ತಿರುತ್ತದೆ. ಒಂದು ದಿನದಲ್ಲಿ ಇದು ಶಾಂತವಾಗುತ್ತದೆ. ಔಷಧಗಳೂ ಕಲಬೆರಕೆ ಮಾಡುತ್ತವೆ. ವಿಟಮಿನ್ ಸಿ ಮಾತ್ರೆಯ ಅಂಶ ಎಲೆಕ್ಟ್ರೋಡಿಗೆ ತಾನೂ ಎಲೆಕ್ಟ್ರಾನ್ ಕೊಟ್ಟು ಗ್ಲೂಕೋಸಿನ ವೇಷ ಹಾಕುತ್ತದೆ. ದಿನಕ್ಕೆ 500 ಮಿಲಿಗ್ರಾಂ ಮೀರಿದರೆ ಅಂಕಿ ಸುಳ್ಳಾಗಿ ಏರಬಹುದು ಎಂದು ಕೆಲವು ಮಾದರಿಗಳ ತಯಾರಕರೇ ಎಚ್ಚರಿಸಿದ್ದಾರೆ. ಇನ್ನು ಕೆಲವು ಮಾದರಿಗಳಲ್ಲಿ ಜ್ವರದ ಪ್ಯಾರಾಸಿಟಮಾಲ್ ಇದೇ ಕೆಲಸ ಮಾಡುತ್ತದೆ. ಸುಳ್ಳು ಏರಿಕೆ ನೋಡಿ ಇನ್ಸುಲಿನ್ ಹಾಕಿಕೊಂಡರೆ ನಿಜವಾದ ಇಳಿತ ಬರುತ್ತದೆ. ಡಬ್ಬಿಯ ಒಳಗಿನ ಕಾಗದದಲ್ಲಿ ಇದು ಬರೆದಿರುತ್ತದೆ, ಓದಲು ಆಗದವರು ಔಷಧದ ಅಂಗಡಿಯವರನ್ನು ಕೇಳಬೇಕು.

ಪರದೆಯ ಮೇಲೆ ಅಂಕಿಯ ಬದಲು `LO` ಎಂದು ಬಂದರೆ ಸಕ್ಕರೆ ಸೆನ್ಸರ್ ಅಳೆಯುವ ಮಿತಿಗಿಂತ ಕೆಳಗಿದೆ, `HI` ಎಂದರೆ ಮಿತಿಗಿಂತ ಮೇಲಿದೆ. ಎರಡರಲ್ಲೂ ಮೊದಲ ಕೆಲಸ ಬೆರಳು ಚುಚ್ಚುವುದು. ಲಕ್ಷಣ ಒಂದು, ಅಂಕಿ ಇನ್ನೊಂದು ಆದಾಗಲೂ ಅಷ್ಟೆ. ಬೆರಳು ಚುಚ್ಚಲು ಏನೂ ಕೈಲಿಲ್ಲದಿದ್ದರೆ, ನಡುಕ ಬೆವರು ಬಂದವರು ಸಕ್ಕರೆ ತಿನ್ನುವುದೇ ಲೇಸು.

ಟೈಮ್ ಇನ್ ರೇಂಜ್ ಅಂದರೇನು?

ಎರಡು ವಾರ ಮುಗಿದ ಮೇಲೆ ವೈದ್ಯರ ಕೈಗೆ ಒಂದು ವರದಿ ಬರುತ್ತದೆ. ಕಾಸರಗೋಡಿನಲ್ಲಿರಲಿ, ಹೊಸೂರಿನಲ್ಲಿರಲಿ, ಸೊಲ್ಲಾಪುರದಲ್ಲಿರಲಿ, ವರದಿ ಇಂಗ್ಲಿಷಿನಲ್ಲೇ ಇರುತ್ತದೆ. ಅದರಲ್ಲಿ `Time in Range` ಎಂಬ ತಲೆಬರಹದ ಕೆಳಗೆ ಬಣ್ಣದ ಒಂದು ಕಂಬ ಕಾಣುತ್ತದೆ. ಹಸಿರು ಭಾಗ ಸಕ್ಕರೆ 70ರಿಂದ 180ರೊಳಗೆ ಇದ್ದ ಹೊತ್ತು. ಅದರ ಕೆಳಗೆ ಕೆಂಪು, ಅಂದರೆ 70ಕ್ಕಿಂತ ಕಡಿಮೆ ಇದ್ದ ಹೊತ್ತು. ಮೇಲೆ ಹಳದಿ, ಕಿತ್ತಳೆ, ಅಂದರೆ 180 ಮೀರಿದ ಹೊತ್ತು.

ಹೆಸರು ದೊಡ್ಡದಾದರೂ ಲೆಕ್ಕ ಸರಳ. ಒಟ್ಟು ಅಳತೆಗಳಲ್ಲಿ ಎಷ್ಟು ಅಳತೆ 70ರಿಂದ 180ರೊಳಗೆ ಬಿದ್ದವು ಎಂದು ಎಣಿಸಿ ಶೇಕಡಾ ಹಾಕುತ್ತಾರೆ. 2019ರಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಸೇರಿ ಇದಕ್ಕೆ ಗುರಿಗಳನ್ನು ಒಪ್ಪಿಕೊಂಡರು. ಸಾಮಾನ್ಯ ಮಧುಮೇಹಿಗಳಲ್ಲಿ ಹಸಿರು ಶೇ. 70ಕ್ಕಿಂತ ಹೆಚ್ಚಿರಬೇಕು, ಅಂದರೆ ದಿನಕ್ಕೆ ಸುಮಾರು 17 ಗಂಟೆ. 70ರ ಕೆಳಗೆ ಶೇ. 4 ಮೀರಬಾರದು, ಅಂದರೆ ಒಂದು ಗಂಟೆಯೊಳಗೆ. ಅದರಲ್ಲೂ 54ರ ಕೆಳಗೆ ಶೇ. 1ಕ್ಕಿಂತ ಕಡಿಮೆ, ಅಂದರೆ ಕಾಲು ಗಂಟೆಯೂ ಇರಬಾರದು. 180ರ ಮೇಲೆ ಶೇ. 25 ಮೀರಬಾರದು. ವಯಸ್ಸಾದವರಿಗೆ, ಇಳಿತದಿಂದ ಬಿದ್ದು ಅಪಾಯವಾಗುವಂಥವರಿಗೆ ಗುರಿ ಸಡಿಲ. ಹಸಿರು ಶೇ. 50 ಇದ್ದರೆ ಸಾಕು, ಆದರೆ 70ರ ಕೆಳಗೆ ಶೇ. 1 ಕೂಡ ಇರಬಾರದು. ಅಜ್ಜನಿಗೂ ಮೊಮ್ಮಗನಿಗೂ ಒಂದೇ ಗುರಿ ಹಾಕುವುದು ತಪ್ಪು. ಗರ್ಭಿಣಿಯರಿಗೆ ಗಡಿಯೇ ಬೇರೆ, 63ರಿಂದ 140.

ಮತ್ತೆ ಅದೇ ರೈತನ ಬಳಿಗೆ ಬನ್ನಿ. ಆತನ ಸೆನ್ಸರ್ 15 ನಿಮಿಷಕ್ಕೊಂದು ಅಳತೆ ಇಡುತ್ತದೆ. ದಿನಕ್ಕೆ 96, ಹದಿನಾಲ್ಕು ದಿನಕ್ಕೆ 1,344. ನಡುವೆ ಒಂದೆರಡು ದಿನ ಸಮಯಕ್ಕೆ ಸರಿಯಾಗಿ ಮೊಬೈಲ್ ಹಿಡಿಯದೆ ಕೆಲವು ಅಳಿಸಿಹೋಗಿ 1,210 ಸಿಕ್ಕವು, ಅಂದರೆ ಶೇ. 90. ಶೇ. 70ಕ್ಕಿಂತ ಕಡಿಮೆ ಅಳತೆ ಸಿಕ್ಕಿದ್ದರೆ ವರದಿಯನ್ನು ನಂಬುವಂತಿಲ್ಲ, ಇಲ್ಲಿ ಆ ಚಿಂತೆ ಇಲ್ಲ. ಈ 1,210ರಲ್ಲಿ 750 ಹಸಿರು, 387 ಮೇಲೆ, 73 ಕೆಳಗೆ. ಶೇಕಡಾ ಲೆಕ್ಕದಲ್ಲಿ 62, 32, 6. ದಿನದ ಲೆಕ್ಕದಲ್ಲಿ ಸರಿಯಾಗಿದ್ದದ್ದು 14 ಗಂಟೆ 53 ನಿಮಿಷ, ಮೇಲಿದ್ದದ್ದು 7 ಗಂಟೆ 41 ನಿಮಿಷ, ಕೆಳಗಿದ್ದದ್ದು 1 ಗಂಟೆ 26 ನಿಮಿಷ.

ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಈತನದು 7.4ರ ಆಸುಪಾಸಿನಲ್ಲಿ ಬಂದೀತು. ಹಸಿರು ಶೇ. 70 ಇದ್ದವರಿಗೆ ಅದು ಸುಮಾರು 7, ಶೇ. 50 ಇದ್ದವರಿಗೆ ಸುಮಾರು 8 ಬರುವುದು ವಾಡಿಕೆ. 7.4 ನೋಡಿ, ಪರವಾಗಿಲ್ಲ, ಇನ್ನು ಸ್ವಲ್ಪ ಇನ್ಸುಲಿನ್ ಏರಿಸೋಣ ಎಂದು ಹೇಳಿ ಕಳುಹಿಸಬಹುದಿತ್ತು. ಏಕೆಂದರೆ ಎಚ್‌ಬಿಎ1ಸಿ ಒಂದು ಸರಾಸರಿ, ಏರಿದ್ದನ್ನೂ ಇಳಿದದ್ದನ್ನೂ ಕೂಡಿಸಿ ಭಾಗಿಸಿಬಿಡುತ್ತದೆ. ದಿನಕ್ಕೆ ಒಂದೂವರೆ ಗಂಟೆ ಕೆಂಪಿನಲ್ಲಿ ಕಳೆಯುತ್ತಿರುವ ಸಂಗತಿ ಅದರಲ್ಲಿ ಕಾಣುವುದೇ ಇಲ್ಲ.

ಕೆಂಪು ಎಲ್ಲಿಂದ ಬಂತು?

ವರದಿಯಲ್ಲಿ ಶೇಕಡಾ ನೋಡಿ ಮುಗಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ. ಆ 73 ಅಳತೆಗಳು ದಿನದ ಯಾವ ಹೊತ್ತಿನವು ಎಂದು ದಿನವಹಿ ಗೆರೆಗಳಲ್ಲಿ ಹುಡುಕಬೇಕು. ರೈತನ ವರದಿಯಲ್ಲಿ 40 ಅಳತೆಗಳು ಸಂಜೆ ನಾಲ್ಕರಿಂದ ಐದೂವರೆಯೊಳಗೆ ಬಿದ್ದಿವೆ, ಎಲ್ಲವೂ ಹೊಲಕ್ಕೆ ಹೋದ ದಿನಗಳು. ಉಳಿದ 33 ನಾಲ್ಕು ರಾತ್ರಿಗಳಲ್ಲಿ ಬಿದ್ದಿವೆ, ಒಂದೊಂದು ರಾತ್ರಿ ಸುಮಾರು ಎರಡು ಗಂಟೆ. 54ಕ್ಕಿಂತ ಕೆಳಗಿನವೂ ಹೆಚ್ಚಾಗಿ ಅಲ್ಲೇ ಇವೆ.

ರಾತ್ರಿ ಎರಡು ಗಂಟೆ ಹೊತ್ತು 54ರ ಸುತ್ತಮುತ್ತ ಎಂದರೆ ಯಾವ ವೈದ್ಯರಿಗೂ ಎದೆ ಝಲ್ಲೆನ್ನುತ್ತದೆ. ರಾತ್ರಿಯ ಇನ್ಸುಲಿನ್ ಕಡಿಮೆ ಮಾಡಬೇಕು ಎಂದು ಮೊದಲು ಅನ್ನಿಸುವುದು ಸಹಜ. ಆದರೆ ಗೆರೆಯ ಆಕಾರ ಬೇರೆ ಕತೆ ಹೇಳುತ್ತಿದೆ. ಸಂಜೆಯ ಇಳಿತ ಮುಕ್ಕಾಲು ಗಂಟೆ ತೆಗೆದುಕೊಂಡು ಇಳಿಜಾರಿನಂತೆ ಬಂದಿದೆ. ರಾತ್ರಿಯದು ಒಂದೆರಡು ಅಳತೆಗಳಲ್ಲೇ 120ರಿಂದ ಪಾತಾಳಕ್ಕೆ ಬಿದ್ದು, ಅಲ್ಲೇ ಚಪ್ಪಟೆಯಾಗಿ ಮಲಗಿ, ಏನೂ ತಿನ್ನದೆಯೂ ಒಂದೇ ನೆಗೆತಕ್ಕೆ ಮತ್ತೆ 120ಕ್ಕೆ ಬಂದಿದೆ. ಬಾವಿಯಂತೆ ನೆಟ್ಟಗಿನ ಎರಡು ಗೋಡೆ.

ಇದು ಒತ್ತಡದ ಇಳಿತ. ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದಾಗ ಆ ಜಾಗ ಒತ್ತಿಹೋಗಿ ರಕ್ತದ ಹರಿವು ಕಡಿಮೆಯಾಗುತ್ತದೆ. ನಾಲೆಯ ಬಾಯಿ ಮುಚ್ಚಿದ ಪಾತಿಯ ಹಾಗೆ ಅಲ್ಲಿನ ದ್ರವಕ್ಕೆ ಹೊಸ ಗ್ಲೂಕೋಸ್ ಬರುವುದಿಲ್ಲ, ಇದ್ದದ್ದನ್ನು ಸುತ್ತಲಿನ ಜೀವಕೋಶಗಳು ಕುಡಿದು ಮುಗಿಸುತ್ತವೆ. ಸೆನ್ಸರ್ ಆ ಬೆರಳಗಲದ ಜಾಗದ ಸುದ್ದಿಯನ್ನು ಇಡೀ ದೇಹದ ಸುದ್ದಿ ಎಂದು ತೋರಿಸುತ್ತದೆ. ಮಗ್ಗುಲು ಬದಲಿಸಿದರೆ ಅಂಕಿ ತಾನಾಗಿ ಏರುತ್ತದೆ. ಇದನ್ನು ಖಚಿತ ಮಾಡಿಕೊಳ್ಳುವ ದಾರಿ ಒಂದೇ. ಅಂಥ ಅಂಕಿ ಕಂಡ ರಾತ್ರಿ ಎದ್ದು ಬೆರಳು ಚುಚ್ಚಿ ನೋಡುವುದು. 110, 120 ಬಂದರೆ ಅದು ಮಲಗಿದ ಮಗ್ಗುಲಿನ ಆಟ. ಬೆರಳಿನಲ್ಲೂ 60 ಬಂದರೆ ನಿಜವಾದ ಇಳಿತ, ಗೆರೆಯ ಆಕಾರ ಏನೇ ಇರಲಿ.

ಈ 33ನ್ನು ಬಿಟ್ಟು ನೋಡಿದರೆ ನಿಜವಾದ ಕೆಂಪು 40 ಅಳತೆ, ಶೇ. 3ಕ್ಕಿಂತ ಸ್ವಲ್ಪ ಹೆಚ್ಚು, ಗುರಿಯ ಒಳಗೇ. ರಾತ್ರಿಯ ಇನ್ಸುಲಿನ್ ಇಳಿಸಿದ್ದರೆ ಬೆಳಗಿನ ಸಕ್ಕರೆ ಸುಮ್ಮನೆ ಏರುತ್ತಿತ್ತು. ಸರಿಪಡಿಸಬೇಕಾದದ್ದು ಹೊಲಕ್ಕೆ ಹೋಗುವ ದಿನಗಳ ಮಧ್ಯಾಹ್ನವನ್ನು. ಆ ದಿನಗಳಲ್ಲಿ ಮಧ್ಯಾಹ್ನದ ಡೋಸ್ ಎಷ್ಟು ಇಳಿಸಬೇಕು, ಅಥವಾ ಮೂರೂವರೆಗೆ ಏನಾದರೂ ತಿಂದು ಕೆಲಸ ಮುಂದುವರಿಸಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಕೆಂಪು ಸರಿಯಾದ ಮೇಲೆಯೇ ಹಳದಿಗೆ ಕೈ ಹಾಕುವುದು ಕ್ರಮ. ಇಳಿತಗಳಿರುವಾಗಲೇ ಏರಿಕೆ ತಗ್ಗಿಸಲು ಇನ್ಸುಲಿನ್ ಹೆಚ್ಚಿಸಿದರೆ ಇಳಿತ ಇನ್ನೂ ಆಳವಾಗುತ್ತದೆ. ಅಲ್ಲದೆ ಸಂಜೆಯ ಇಳಿತಕ್ಕೆ ಗಾಬರಿಯಾಗಿ ತಿಂದದ್ದೇ ರಾತ್ರಿಯ ಹಳದಿಗೆ ಅರ್ಧ ಕಾರಣವಾಗಿರುವುದುಂಟು, ಮೇಲಿನ ಬೆಲ್ಲ ಬಾಳೆಹಣ್ಣಿನ ಲೆಕ್ಕದ ಹಾಗೆ.

ಯಾರಿಗೆ ಬೇಕು?

ಬರೀ ಮಾತ್ರೆಯಲ್ಲಿ ಸಕ್ಕರೆ ಹತೋಟಿಯಲ್ಲಿರುವವರು ವರ್ಷಪೂರ್ತಿ ಇದನ್ನು ಹಾಕಿಕೊಳ್ಳುವ ಅಗತ್ಯವಿಲ್ಲ. ಒಂದೊಂದು ಸೆನ್ಸರಿಗೂ ಕೆಲವು ಸಾವಿರ ರೂಪಾಯಿ, ಎರಡು ವಾರಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಔಷಧ ಬದಲಿಸುವಾಗ ಒಂದು ಸಲ ಹಾಕಿಸಿ ನೋಡಿದರೆ ಬೇಕಾದಷ್ಟು ತಿಳಿಯುತ್ತದೆ. ದಿನಕ್ಕೆ ಹಲವು ಸಲ ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಇಳಿತ ಬಂದರೂ ಗೊತ್ತಾಗದವರಿಗೆ ಇದರ ಬೆಲೆ ಬೇರೆ. ಅಂಥವರು ಎಚ್ಚರಿಕೆಯ ಗಂಟೆ ಇರುವ ಮಾದರಿಯನ್ನೇ ಕೇಳಬೇಕು, ಹಿನ್ನಡೆ ಇರುವುದರಿಂದ ಗಂಟೆಯನ್ನು 70ರ ಬದಲು 80ಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ವರ್ಗದ ಜನರಿಗೆ ಇದು ವಿಶೇಷವಾಗಿ ಉಪಯೋಗ. ವಯನಾಡು ಮತ್ತು ನೀಲಗಿರಿಯ ಹಲವು ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ತೊಂದರೆ ಹೆಚ್ಚು. ಎಚ್‌ಬಿಎ1ಸಿ ಪರೀಕ್ಷೆ ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ. ಸಿಕಲ್ ಸೆಲ್ ಕಾಯಿಲೆಯಲ್ಲಿ ರಕ್ತಕಣ ಬೇಗ ಸಾಯುವುದರಿಂದ ಸಕ್ಕರೆ ಅಂಟಲು ಹೊತ್ತೇ ಸಿಗದೆ ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ. ಕಬ್ಬಿಣಾಂಶ ಕಡಿಮೆಯಾಗಿ ಬರುವ ರಕ್ತಹೀನತೆಯಲ್ಲಿ ಇದಕ್ಕೆ ವಿರುದ್ಧವಾಗಿ ಸುಳ್ಳಾಗಿ ಏರುವುದುಂಟು. ಸಿಜಿಎಂಗೆ ರಕ್ತಕಣದ ಹಂಗಿಲ್ಲ. ಇಂಥವರಲ್ಲಿ ಟೈಮ್ ಇನ್ ರೇಂಜ್ ಹೆಚ್ಚು ನಂಬಿಗಸ್ತ ಲೆಕ್ಕ. ರಕ್ತದ ತೊಂದರೆ ಇರುವುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು ಅಷ್ಟೆ.

ಸೂಜಿಯೇ ಬೇಡ, ಕೈಗೆ ಕಟ್ಟಿಕೊಂಡರೆ ಸಕ್ಕರೆ ತೋರಿಸುತ್ತದೆ ಎಂದು ಅಗ್ಗದ ವಾಚು, ಉಂಗುರಗಳನ್ನು ಆನ್‌ಲೈನಿನಲ್ಲಿ ಮಾರುವವರಿದ್ದಾರೆ. ಚರ್ಮ ಚುಚ್ಚದೆ ತಾನಾಗಿ ಸಕ್ಕರೆ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಹೊರಡಿಸಿತ್ತು. ನಿಜವಾದ ಸಿಜಿಎಂನ ಅಂಕಿಯನ್ನು ವಾಚಿನಲ್ಲಿ ನೋಡುವುದು ಬೇರೆ ಮಾತು, ಅಲ್ಲಿ ವಾಚು ಬರೀ ಪರದೆ, ಅಳೆಯುವುದು ತೋಳಿನಲ್ಲಿರುವ ಎಳೆ.

ಹಾಕಿಸಿಕೊಳ್ಳುವ ಮುಂಚೆ ತೋಳನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒಣಗಿಸಬೇಕು. ಎಣ್ಣೆ ಹಚ್ಚಿದ ಚರ್ಮಕ್ಕೆ ಅಂಟು ಹಿಡಿಯುವುದಿಲ್ಲ, ಬೆವರಿನಲ್ಲಿ ಮೂರನೇ ದಿನಕ್ಕೇ ಬಿಲ್ಲೆ ಎದ್ದು ಬರುತ್ತದೆ. ತೆರೆಯದ ಸೆನ್ಸರನ್ನು ಬೇಸಿಗೆಯಲ್ಲಿ ಕಾರಿನೊಳಗೆ, ಬೈಕಿನ ಡಿಕ್ಕಿಯಲ್ಲಿ ಇಡಬಾರದು. ಒಳಗಿರುವುದು ಕಿಣ್ವ, ಬಿಸಿಗೆ ಕೆಡುತ್ತದೆ. ಎಷ್ಟು ಡಿಗ್ರಿಯವರೆಗೆ ತಾಳುತ್ತದೆ ಎಂಬುದು ಡಬ್ಬಿಯ ಮೇಲೆ ಥರ್ಮಾಮೀಟರ್ ಚಿತ್ರದ ಪಕ್ಕದಲ್ಲಿ ಅಚ್ಚಾಗಿರುತ್ತದೆ.